ಹೆಸರಿಲ್ಲದ ಕೋಟೆಯ ಚಿತ್ರ: ಗೋಡೆ, ಕೊತ್ತಲ, ಹೆಬ್ಬಾಗಿಲು ನೋಡಿ ಕಾಲ, ಸೀಮೆ ಗುರುತಿಸುವುದು ಹೇಗೆ

ಮಳೆಗಾಲ ಮುಗಿಯುತ್ತಿದ್ದಂತೆ ಕೊಡಗಿನ ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಒಂದೇ: "ಈ ಚಿತ್ರದಲ್ಲಿರುವ ಕೋಟೆ ಯಾವುದು? ಮಡಿಕೇರಿಯದ್ದೇ ಇರಬೇಕಲ್ಲವೇ?" ಕೆಲವರಿಗೆ ಚಿತ್ರ ಸಿಕ್ಕಿದ್ದು ವಾಟ್ಸಾಪಿನಲ್ಲಿ. ಕೆಲವರಿಗೆ ಐನ್‌ಮನೆಯ ಪೆಟ್ಟಿಗೆಯಲ್ಲಿದ್ದ ಆಲ್ಬಮ್ಮಿನಲ್ಲಿ, ಸೈನ್ಯದಲ್ಲಿದ್ದ ಹಿರಿಯರು ಊರೂರು ತಿರುಗಿದಾಗ ತೆಗೆಸಿದ್ದು, ಹಿಂಬದಿಯಲ್ಲಿ ಒಂದಕ್ಷರವೂ ಇಲ್ಲದ್ದು.

ಪಾಚಿ ಹಿಡಿದ ಗೋಡೆ, ಹುಲ್ಲು ಬೆಳೆದ ನೆತ್ತಿ, ಹಿಂದೆ ಮಂಜು ಕಂಡರೆ ಮಡಿಕೇರಿ ಎನಿಸುವುದು ಸಹಜ. ಆದರೆ ನಮ್ಮ ಸುತ್ತ ಒಂದು ಹಗಲಿನ ಪ್ರಯಾಣದಲ್ಲಿ ತಲುಪಬಹುದಾದ ಮಡಿಕೇರಿ, ಮಂಜರಾಬಾದ್, ಬೇಕಲ, ಕಣ್ಣೂರು ಎಂಬ ನಾಲ್ಕು ಕೋಟೆಗಳೂ ಮಳೆಯಲ್ಲಿ ಹೀಗೆಯೇ ಕಾಣುತ್ತವೆ. ಅವುಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಕಲಿತರೆ ದೂರದ ಕೋಟೆಗಳಿಗೂ ಅದೇ ಕ್ರಮ ನಡೆಯುತ್ತದೆ. ಹಾಗಾಗಿ ಈ ಲೇಖನ ಈ ನಾಲ್ಕರ ಸುತ್ತಲೇ ಇದೆ.

ಮೊದಲು ಒಂದು ನಿಯಮ ಮನಸ್ಸಿನಲ್ಲಿರಲಿ. ಕಲ್ಲು ಸೀಮೆಯನ್ನು ಹೇಳುತ್ತದೆ, ಏಕೆಂದರೆ ಗೋಡೆಯ ಕಲ್ಲನ್ನು ಸಾಮಾನ್ಯವಾಗಿ ದೂರದಿಂದ ಹೊತ್ತು ತರುತ್ತಿರಲಿಲ್ಲ. ಕೊತ್ತಲ ಮತ್ತು ಕಮಾನು ಕಾಲವನ್ನು ಹೇಳುತ್ತವೆ, ಆದರೆ ಒಂದೇ ದಿಕ್ಕಿನಲ್ಲಿ: "ಇದಕ್ಕಿಂತ ಹಿಂದಿನದಲ್ಲ" ಎಂದು ಮಾತ್ರ. ಫಿರಂಗಿ ಕಿಂಡಿ ಇದ್ದರೆ ಆ ಭಾಗ ಫಿರಂಗಿ ಬಂದ ಮೇಲಿನದು. ಫಿರಂಗಿ ಕಿಂಡಿ ಇಲ್ಲ ಎಂದ ಮಾತ್ರಕ್ಕೆ ಕೋಟೆ ಫಿರಂಗಿಗಿಂತ ಹಳೆಯದು ಎಂದು ಆಗುವುದಿಲ್ಲ. ನಮಗೆ ಬರುವ ತಪ್ಪು ಉತ್ತರಗಳಲ್ಲಿ ಹೆಚ್ಚಿನವು ಈ ಎರಡನೆಯ ತರ್ಕದಿಂದ ಹುಟ್ಟಿದವು.

ಬೇಕಾಗುವುದು

ಚಿತ್ರದ ಮೂಲ ಪ್ರತಿ, ದೊಡ್ಡದು ಮಾಡಿ ನೋಡಲು ಕಂಪ್ಯೂಟರ್ ಪರದೆ, ಒಂದು ಹಾಳೆ ಮತ್ತು ಪೆನ್ಸಿಲ್. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದ್ದರೆ ಅದು ಕುಗ್ಗಿರುತ್ತದೆ, ತೆಗೆದ ಸ್ಥಳ ಮತ್ತು ದಿನದ ಮಾಹಿತಿಯೂ ಹೋಗಿರುತ್ತದೆ. ಕಳಿಸಿದವರಿಗೆ "ಡಾಕ್ಯುಮೆಂಟ್ ಆಗಿ ಕಳಿಸಿ" ಎಂದು ಕೇಳಿ. ಕಾಗದದ ಹಳೆಯ ಚಿತ್ರವಾದರೆ ಫೋನಿನಲ್ಲಿ ಮತ್ತೆ ಫೋಟೊ ತೆಗೆಯುವ ಬದಲು ಸ್ಕ್ಯಾನ್ ಮಾಡಿಸಿ. 600 ಡಿಪಿಐ ಸಾಕು, ಕಲ್ಲಿನ ಸಂದುಗಳು ಎಣಿಸುವಷ್ಟು ಸ್ಪಷ್ಟವಾಗುತ್ತವೆ.

1. ಚಿತ್ರವೇ ಮೋಸ ಮಾಡುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ

ಚಿತ್ರ ಎಡಬಲ ತಿರುಗಿದೆಯೇ ನೋಡಿ. ಫಲಕದ ಅಕ್ಷರ, ಅಂಗಿಯ ಗುಂಡಿ, ರಸ್ತೆಯಲ್ಲಿ ವಾಹನ ಹೋಗುವ ಬದಿ ಇದನ್ನು ಹೇಳುತ್ತವೆ.

ಆಮೇಲೆ ಗೋಡೆಯ ಇಳಿಜಾರು. ಕೆಳಗೆ ದಪ್ಪ, ಮೇಲೆ ಹೋದಂತೆ ಒಳಕ್ಕೆ ವಾಲುವ ಗೋಡೆ ಒಂದು ಒಳ್ಳೆಯ ಸುಳಿವು. ಆದರೆ ಫೋನನ್ನು ಮೇಲಕ್ಕೆ ಎತ್ತಿ ಹಿಡಿದು ತೆಗೆದರೆ ನೇರ ಗೋಡೆಯೂ ಒಳಕ್ಕೆ ವಾಲಿದಂತೆಯೇ ಕಾಣುತ್ತದೆ. ಪಕ್ಕದಲ್ಲಿ ವಿದ್ಯುತ್ ಕಂಬವೋ ನೆಟ್ಟಗೆ ಬೆಳೆದ ಸಿಲ್ವರ್ ಓಕ್ ಮರವೋ ಇದ್ದರೆ ಅದನ್ನು ಗಮನಿಸಿ. ಅದೂ ಅಷ್ಟೇ ವಾಲಿದ್ದರೆ ಇಳಿಜಾರು ಕ್ಯಾಮೆರಾದ್ದು. ಪನೊರಮಾ ವಿಧಾನದಲ್ಲಿ ತೆಗೆದ ಚಿತ್ರದಲ್ಲಿ ನೇರ ಗೋಡೆ ಬಿಲ್ಲಿನಂತೆ ಬಾಗಿ ದುಂಡು ಕೊತ್ತಲದ ಭ್ರಮೆ ಹುಟ್ಟಿಸುತ್ತದೆ. ಅದಕ್ಕೆ ಪರೀಕ್ಷೆ ನಾಲ್ಕನೆಯ ಹಂತದಲ್ಲಿದೆ.

2. ಕಲ್ಲು ಯಾವುದು?

ಘಟ್ಟದ ಮೇಲೆ, ನಮ್ಮ ಕಡೆ, ಕೋಟೆಯ ಕಲ್ಲು ಗ್ರಾನೈಟ್ ಜಾತಿಯ ಗಟ್ಟಿ ಬೂದು ಕಲ್ಲು. ಘಟ್ಟದ ಕೆಳಗೆ, ಕಾಸರಗೋಡಿನಿಂದ ಕಣ್ಣೂರಿನವರೆಗೆ, ಜಂಬಿಟ್ಟಿಗೆ. ಕರಾವಳಿಯವರು ಮುರಕಲ್ಲು ಎನ್ನುವುದು ಇದನ್ನೇ: ನೆಲದಿಂದ ಕಡಿದು ತೆಗೆಯುವ, ತೂತುತೂತಾದ, ಕಬ್ಬಿಣದ ಅಂಶವಿರುವ ಕೆಂಪು ಕಲ್ಲು. ಬೇಕಲ ಮತ್ತು ಕಣ್ಣೂರು ಎರಡೂ ಜಂಬಿಟ್ಟಿಗೆಯ ಕೋಟೆಗಳು.

ತೊಂದರೆ ಏನೆಂದರೆ, ನಾಲ್ಕಾರು ಮಳೆಗಾಲ ಕಂಡ ಜಂಬಿಟ್ಟಿಗೆ ಕಪ್ಪಗಾಗುತ್ತದೆ, ಮೇಲೆ ಪಾಚಿ ಕೂರುತ್ತದೆ. ಫೋಟೊದಲ್ಲಿ ಗ್ರಾನೈಟಿಗೂ ಅದಕ್ಕೂ ಬಣ್ಣದಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ. ಆದ್ದರಿಂದ ಗೋಡೆಯ ಮುಖವನ್ನು ಬಿಟ್ಟು ಮುರಿದ ಅಂಚನ್ನು ಹುಡುಕಿ. ಕಲ್ಲು ಬಿದ್ದುಹೋದ ಜಾಗ, ಮೆಟ್ಟಿಲಿನ ಸವೆದ ತುದಿ, ಮರದ ಬೇರು ಸೀಳಿದ ಸಂದು, ಇಲ್ಲಿ ಒಳಗಿನ ಬಣ್ಣ ಕಾಣುತ್ತದೆ. ಇಟ್ಟಿಗೆ ಕೆಂಪು ಮತ್ತು ತೂತುಗಳಿದ್ದರೆ ಜಂಬಿಟ್ಟಿಗೆ. ಜಂಬಿಟ್ಟಿಗೆಯ ಅಂಚು ಮಳೆಗೆ ದುಂಡಾಗಿ ಸವೆಯುತ್ತದೆ. ಗ್ರಾನೈಟಿನ ಅಂಚು ಶತಮಾನಗಳ ನಂತರವೂ ಚೂಪಾಗಿಯೇ ಇರುತ್ತದೆ. ಕಪ್ಪುಬಿಳುಪು ಚಿತ್ರಗಳಲ್ಲಿ ಈ ಅಂಚಿನ ಪರೀಕ್ಷೆಯೊಂದೇ ನಿಮಗೆ ಆಸರೆ.

ಜಂಬಿಟ್ಟಿಗೆ ಎಂದೊಡನೆ ಕರಾವಳಿ ಎಂದು ಬರೆದುಬಿಡಬೇಡಿ. ಬೀದರ್ ಕೋಟೆಯಲ್ಲೂ ಅದೇ ಕಲ್ಲಿದೆ. ಆಲ್ಬಮ್ಮಿನ ಚಿತ್ರಗಳು ಇನ್ನೂ ದೂರದವಾಗಿರಬಹುದು: ವಿಜಯಪುರ, ಕಲಬುರಗಿ ಕಡೆ ಕಪ್ಪು ಬಸಾಲ್ಟ್, ಆಗ್ರಾ ಮತ್ತು ದೆಹಲಿಯ ಕೆಂಪು ಕೋಟೆಗಳಲ್ಲಿ ನುಣುಪಾದ ಕೆಂಪು ಮರಳುಗಲ್ಲು.

ಇನ್ನೊಂದು ಗುರುತು ಗ್ರಾನೈಟ್ ಕಲ್ಲಿನ ಅಂಚಿನಲ್ಲಿ ಸಾಲಾಗಿ ಕಾಣುವ ಆಯತಾಕಾರದ ಕಚ್ಚುಗಳು. ಬೆಣೆ ಹೊಡೆದು ಬಂಡೆ ಸೀಳಿದ ಗುರುತು ಅದು. ವಿಜಯನಗರದ ಗೋಡೆಗಳಲ್ಲಿ ಧಾರಾಳವಾಗಿದೆ, ಆಮೇಲಿನ ಕೋಟೆಗಳಲ್ಲೂ ಇದೆ. ಅದರ ಬದಲು ಕಲ್ಲಿನ ಮುಖದ ಮೇಲೆ ಉದ್ದಕ್ಕೆ ಅರ್ಧ ಕೊಳವೆಯಂಥ ಗೆರೆ ಕಂಡರೆ ಅದು ರಂಧ್ರ ಕೊರೆದು ಸಿಡಿಸಿದ ಕಲ್ಲು. ಆ ತುಂಡು ಇತ್ತೀಚಿನ ದುರಸ್ತಿಯದು, ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

3. ಗೋಡೆಯನ್ನು ಬುಡ, ನಡು, ನೆತ್ತಿ ಎಂದು ಮೂರಾಗಿ ಓದಿ

ಹಾಳೆಯಲ್ಲಿ ಗೋಡೆಯ ಒರಟು ನಕ್ಷೆ ಬರೆದು ಅಡ್ಡಲಾಗಿ ಎರಡು ಗೆರೆ ಎಳೆಯಿರಿ. ಮೂರು ಭಾಗಗಳ ಟಿಪ್ಪಣಿ ಬೇರೆ ಬೇರೆ ಇರಲಿ, ಏಕೆಂದರೆ ಮೂರೂ ಒಂದೇ ಕಾಲದವು ಆಗಿರುವುದು ಅಪರೂಪ.

ಬುಡದಲ್ಲಿ ಕಲ್ಲಿನ ಗಾತ್ರ ನೋಡಿ. ದೊಡ್ಡ ದೊಡ್ಡ, ಒಂದರಂತೆ ಇನ್ನೊಂದಿಲ್ಲದ ಕಲ್ಲುಗಳು ಗಾರೆಯೇ ಇಲ್ಲದೆ ಒಂದಕ್ಕೊಂದು ಹೊಂದಿಕೊಂಡು ಕೂತಿದ್ದರೆ ವಿಜಯನಗರದ ಕಾಲದ ಕೈಕೆಲಸ ನೆನಪಾಗಬೇಕು. ಈ ಕಲ್ಲುಗಳ ಹಿಂಬದಿ ಬೆಣೆಯಂತೆ ಕಿರಿದಾಗಿ ಒಳಗಿನ ಮಣ್ಣಿಗೆ ಇಳಿದಿರುತ್ತದೆ, ಗೋಡೆ ನಿಲ್ಲುವುದು ಆ ಹಿಡಿತದಿಂದ. ಅದೇ ಪದ್ಧತಿಯನ್ನು ನಂತರದ ಪಾಳೆಯಗಾರರೂ ಬಿಡಲಿಲ್ಲ. ಹಾಗಾಗಿ ಇಲ್ಲೂ "ವಿಜಯನಗರ ಅಥವಾ ಆಮೇಲೆ" ಎಂದೇ ಬರೆಯಿರಿ.

ನಡುವಿನಲ್ಲಿ ಸಂದುಗಳನ್ನು ಗಮನಿಸಿ. ಸುಣ್ಣದ ಗಾರೆ ಬೆಳ್ಳಗೆ ಅಥವಾ ಕೆನೆ ಬಣ್ಣದಲ್ಲಿದ್ದು ಹಳತಾದಂತೆ ಪುಡಿಯಾಗಿ ಸಂದಿನ ಒಳಕ್ಕೆ ಸರಿಯುತ್ತದೆ. ಬೂದು ಬಣ್ಣದಲ್ಲಿ ಕಲ್ಲಿಗಿಂತ ಹೊರಗೆ ಉಬ್ಬಿ ನಿಂತಿದ್ದರೆ ಅದು ಸಿಮೆಂಟ್, ಅಂದರೆ ದುರಸ್ತಿ. ಗೋಡೆಯಲ್ಲಿ ವೀರಗಲ್ಲೋ ದೇವಸ್ಥಾನದ ಕಂಬದ ತುಂಡೋ ಅಡ್ಡಲಾಗಿ, ತಲೆಕೆಳಗಾಗಿ ಸೇರಿದ್ದರೆ ಗೋಡೆ ಆ ತುಂಡಿಗಿಂತ ಈಚಿನದು. ಆ ತುಂಡಿನ ಕಾಲವನ್ನೇ ಕೋಟೆಗೆ ಅಂಟಿಸುವವರು ಬಹಳ ಮಂದಿ.

ನೆತ್ತಿ ಎಂದರೆ ಗೋಡೆಯ ಮೇಲಿನ ಕೈಪಿಡಿ ಗೋಡೆ ಮತ್ತು ಅದರ ಹಲ್ಲಿನಂಥ ತೆನೆಗಳು. ಮೊದಲು ಬೀಳುವುದೂ ಮೊದಲು ದುರಸ್ತಿಯಾಗುವುದೂ ಇದೇ. ಆದ್ದರಿಂದ ನೆತ್ತಿ ಹೇಳುವುದು ಕೋಟೆ ಹುಟ್ಟಿದ ಕಾಲವನ್ನಲ್ಲ, ಅದನ್ನು ಕಡೆಯದಾಗಿ ಯುದ್ಧಕ್ಕೆ ಸಜ್ಜು ಮಾಡಿದ ಕಾಲವನ್ನು. ಕೆಳಮುಖವಾಗಿ ಇಳಿಯುವ ಕಿರಿದಾದ ಸೀಳುಗಳು ಬಂದೂಕಿಗೆ. ದಪ್ಪ ಗೋಡೆಯಲ್ಲಿ ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ಅಗಲವಾಗಿ ತೆರೆದುಕೊಳ್ಳುವ ಕಿಂಡಿಗಳು ಫಿರಂಗಿಗೆ, ಮೂತಿಯನ್ನು ಎಡಬಲ ತಿರುಗಿಸಲು ಆ ಅಗಲ.

4. ಕೊತ್ತಲದ ಆಕಾರ

ಕಾಲದ ವಿಷಯದಲ್ಲಿ ಅತಿ ಹೆಚ್ಚು ಹೇಳುವ ಭಾಗ ಇದು, ಆದ್ದರಿಂದ ಇಲ್ಲಿ ಆತುರ ಬೇಡ. ಕೊತ್ತಲ, ಬುರುಜು ಎಂದರೆ ಗೋಡೆಯಿಂದ ಹೊರಕ್ಕೆ ಚಾಚಿದ ಕಾವಲು ಕಟ್ಟೆ. ಅದರ ಕೆಲಸ ಗೋಡೆಯ ಬುಡಕ್ಕೆ ಬಂದ ಶತ್ರುವನ್ನು ಪಕ್ಕದಿಂದ ಹೊಡೆಯುವುದು.

ಚೌಕ ಕೊತ್ತಲ ಹಳೆಯ ಮಾದರಿ, ಹಂಪಿಯ ಗೋಡೆಗಳಲ್ಲಿ ಕಾಣಬಹುದು. ಫಿರಂಗಿ ಬಂದ ಮೇಲೆ ಚೌಕದ ಮೂಲೆಗಳು ಗುಂಡಿಗೆ ಸುಲಭವಾಗಿ ಮುರಿಯತೊಡಗಿದವು. ದುಂಡು ಮೈ ಗುಂಡನ್ನು ಓರೆಯಾಗಿ ಜಾರಿಸುತ್ತದೆ. ಬಹಮನಿ ಮತ್ತು ಆದಿಲಶಾಹಿ ಕೋಟೆಗಳಲ್ಲಿ, ಆಮೇಲೆ ಕೆಳದಿಯವರ ಕೋಟೆಗಳಲ್ಲಿ, ದಪ್ಪನೆಯ ದುಂಡು ಕೊತ್ತಲಗಳೇ ಮುಖ್ಯ. 17ನೇ ಶತಮಾನದ ನಡುವೆ ಕೆಳದಿಯ ಶಿವಪ್ಪನಾಯಕ ಕಟ್ಟಿಸಿದ ಬೇಕಲ ಇದಕ್ಕೆ ಹತ್ತಿರದ ಉದಾಹರಣೆ. ಮಡಿಕೇರಿಯ ಕೋಟೆಯೂ ಗುಡ್ಡದ ನೆತ್ತಿಯನ್ನು ಅನುಸರಿಸಿದ ಆರು ಮೂಲೆಯದು, ಮೂಲೆಗಳಲ್ಲಿ ದುಂಡು ಕೊತ್ತಲಗಳು.

ದುಂಡು ಕೊತ್ತಲಕ್ಕೆ ಒಂದು ಕೊರತೆ ಇದೆ. ಅದರ ಮೂತಿಯ ಎದುರಿಗೇ ಬುಡದಲ್ಲಿ ಒಂದು ತುಂಡು ಜಾಗ ಪಕ್ಕದ ಯಾವ ಕೊತ್ತಲದಿಂದಲೂ ಗುಂಡಿಗೆ ಸಿಗುವುದಿಲ್ಲ, ಶತ್ರು ಅಲ್ಲಿ ಅಡಗಿ ಸುರಂಗ ತೋಡಬಹುದು. ಇದನ್ನು ನೀಗಲು ಯುರೋಪಿನವರು ಕೊತ್ತಲವನ್ನು ಬಾಣದ ಮೊನೆಯ ಆಕಾರಕ್ಕೆ ತಂದರು. ಎರಡು ಚಪ್ಪಟೆ ಮುಖಗಳು ಹೊರಗೆ ಒಂದು ಮೊನೆಯಲ್ಲಿ ಕೂಡುತ್ತವೆ, ಆಗ ಪಕ್ಕದ ಕೊತ್ತಲದವರಿಗೆ ಪ್ರತಿ ಅಡಿಯೂ ಕಾಣುತ್ತದೆ. ಈ ಮೊನೆ ಕೊತ್ತಲ ಕಡಲತೀರಕ್ಕೆ ಪೋರ್ಚುಗೀಸರೊಂದಿಗೆ ಬಂತು. ಕಣ್ಣೂರಿನ ಸೇಂಟ್ ಏಂಜೆಲೊ ಕೋಟೆಯನ್ನು ಅವರು ಶುರುಮಾಡಿದ್ದು 1505ರಲ್ಲಿ, 1663ರಲ್ಲಿ ಡಚ್ಚರು ಗೆದ್ದು ತಿದ್ದಿದರು. ಒಳನಾಡಿನಲ್ಲಿ, ನಮ್ಮ ಘಟ್ಟದ ಮೇಲೆ, ಮೊನೆ ಕೊತ್ತಲ ಕಂಡರೆ 18ನೇ ಶತಮಾನವನ್ನೇ ಮೊದಲು ಯೋಚಿಸಿ.

ಹಾಗಾದರೆ ಚಿತ್ರದಲ್ಲಿ ದುಂಡೋ ಮೊನೆಯೋ ಎಂದು ತಿಳಿಯುವುದು ಹೇಗೆ? ನೆರಳು ನೋಡಿ. ದುಂಡು ಮೈ ಮೇಲೆ ಬೆಳಕು ನಿಧಾನವಾಗಿ ಕತ್ತಲಾಗುತ್ತಾ ಹೋಗುತ್ತದೆ. ಮೊನೆಯಲ್ಲಿ ಬೆಳಕು ಮತ್ತು ನೆರಳಿನ ನಡುವೆ ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆ ಎಳೆದಂತಿರುತ್ತದೆ. ಪನೊರಮಾ ಬಾಗಿಸಿದ ನೇರ ಗೋಡೆಯಾದರೆ ನೆರಳು ಎಲ್ಲೂ ಬದಲಾಗುವುದೇ ಇಲ್ಲ. ಮೋಡದ ದಿನದ ಚಿತ್ರದಲ್ಲಿ ಈ ಪರೀಕ್ಷೆ ಸೋಲುತ್ತದೆ. ಆಗ ಕಲ್ಲುಸಾಲುಗಳ ಅಡ್ಡಗೆರೆ ಹಿಡಿದು ಹೋಗಿ: ಮೊನೆಯಲ್ಲಿ ಗೆರೆ ಒಮ್ಮೆಲೇ ಮುರಿದು ದಿಕ್ಕು ಬದಲಿಸುತ್ತದೆ, ದುಂಡಿನಲ್ಲಿ ಬಾಗುತ್ತಾ ಹೋಗುತ್ತದೆ.

ಚೌಕ ಕೊತ್ತಲದ ಮೂಲೆಯನ್ನು ಮೊನೆ ಎಂದುಕೊಳ್ಳುವುದು ಇಲ್ಲಿನ ದೊಡ್ಡ ತಪ್ಪು. ಚೌಕಕ್ಕೆ ಎದುರಿಗೆ ಚಪ್ಪಟೆ ಮುಖವೂ ಎರಡು ಮೂಲೆಗಳೂ ಇರುತ್ತವೆ. ಒಂದೇ ಮೂಲೆ ಚಿತ್ರದಲ್ಲಿದ್ದು ಇನ್ನೊಂದು ಬದಿ ಚೌಕಟ್ಟಿನ ಆಚೆಗೆ ಹೋಗಿದ್ದರೆ ತೀರ್ಮಾನ ಮಾಡದೆ ಖಾಲಿ ಬಿಡಿ.

5. ಹೆಬ್ಬಾಗಿಲು ಮತ್ತು ಕಮಾನು

ಮೊದಲ ಪ್ರಶ್ನೆ ಇದು ಕಮಾನೋ ತೊಲೆಯೋ ಎಂಬುದು. ಎರಡು ನಿಲುವುಗಲ್ಲು, ಅವುಗಳ ಮೇಲೆ ಮುಂದಕ್ಕೆ ಚಾಚಿದ ಬೋದಿಗೆ, ಅದರ ಮೇಲೆ ಅಡ್ಡಲಾಗಿ ಕಲ್ಲಿನ ತೊಲೆ: ಇದು ದೇವಸ್ಥಾನದ ಬಾಗಿಲಿನದೇ ಪದ್ಧತಿ, ವಿಜಯನಗರದ ಹೆಬ್ಬಾಗಿಲುಗಳಲ್ಲಿ ಇದೇ ಹೆಚ್ಚು. ಕಮಾನಿನಲ್ಲಿ ಬೆಣೆಯಾಕಾರದ ಕಲ್ಲುಗಳು ಬಾಗಿನ ಸುತ್ತ ಬೀಸಣಿಗೆಯಂತೆ ನಿಂತಿರುತ್ತವೆ. ಬಾಗು ಕಂಡರೂ ಕಲ್ಲಿನ ಸಂದುಗಳೆಲ್ಲ ಮಲಗಿದ್ದರೆ ಅದು ನಿಜವಾದ ಕಮಾನಲ್ಲ, ಕಲ್ಲುಗಳನ್ನು ಒಂದೊಂದಾಗಿ ಮುಂದಕ್ಕೆ ಚಾಚಿ ಕಟ್ಟಿದ್ದು. ಗಾರೆ ಮೆತ್ತಿದ ಬಾಗಿಲಲ್ಲಿ ಇದು ಮುಚ್ಚಿಹೋಗಿರುತ್ತದೆ, ಗಾರೆ ಉದುರಿದ ಕಡೆ ದೊಡ್ಡದು ಮಾಡಿ ನೋಡಿ.

ನಮ್ಮ ನಾಡಿನ ಕೋಟೆಗಳಲ್ಲಿ ನಿಜವಾದ ಕಮಾನು ರೂಢಿಯಾದದ್ದು 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದ ನಂತರ. ಹಾಗಾಗಿ ಕಮಾನು ಇದ್ದರೆ 14ನೇ ಶತಮಾನದ ಈಚೆ. ತೊಲೆ ಇದ್ದರೆ? ಏನೂ ಹೇಳಲಾಗದು, 18ನೇ ಶತಮಾನದವರೆಗೂ ತೊಲೆಯ ಬಾಗಿಲು ಕಟ್ಟಿದ್ದಾರೆ.

ಕಮಾನಿನ ನೆತ್ತಿ ಬರೀ ಚೂಪಾಗಿದ್ದರೆ ದಖನಿನ ಸುಲ್ತಾನರ ಕಾಲದಿಂದ ಟಿಪ್ಪುವಿನವರೆಗೆ ಯಾವುದೂ ಆಗಬಹುದು. ಅಂಚಿನುದ್ದಕ್ಕೂ ಸಣ್ಣ ಸಣ್ಣ ಬಾಗುಗಳಿರುವ ಹಾಲೆ ಕಮಾನು ಮೊಗಲರ ಪ್ರಭಾವದಿಂದ 17, 18ನೇ ಶತಮಾನದಲ್ಲಿ ಬಹಳ ಹರಡಿತು. ಆದರೆ ಹಂಪಿಯ ಕಮಲ ಮಹಲಿನಲ್ಲೂ ಹಾಲೆ ಕಮಾನು ಇರುವುದರಿಂದ ಅದೊಂದರಿಂದಲೇ ಕಾಲ ಕಟ್ಟಬೇಡಿ. ಸರಿಯಾದ ಅರ್ಧವೃತ್ತ, ನಡುವೆ ಎದ್ದು ಕಾಣುವ ಕೀಲುಗಲ್ಲು, ಒಂದೇ ಅಳತೆಯ ದಪ್ಪ ಇಟ್ಟಿಗೆ ಇದ್ದರೆ ಯುರೋಪಿನವರ ಕೈ. ಕೀಲುಗಲ್ಲು ಎಂದರೆ ಕಮಾನಿನ ನೆತ್ತಿಯಲ್ಲಿ ಕಡೆಯದಾಗಿ ಕೂರಿಸುವ ಕಲ್ಲು. ಇದು ಕರಾವಳಿಯಲ್ಲಿ 16ನೇ ಶತಮಾನದಿಂದ ಇರಬಹುದು, ಘಟ್ಟದ ಮೇಲೆ ಸಾಮಾನ್ಯವಾಗಿ 19ನೇ ಶತಮಾನ.

ಕಮಾನು, ಗುಮ್ಮಟ ಕಂಡೊಡನೆ ಕಟ್ಟಿಸಿದವರ ಮತವನ್ನು ಊಹಿಸುವುದು ಕೊಡಗಿನಲ್ಲಂತೂ ಖಂಡಿತ ದಾರಿ ತಪ್ಪಿಸುತ್ತದೆ. ಮಡಿಕೇರಿಯ ಗದ್ದಿಗೆಗಳೂ 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನವೂ ಗುಮ್ಮಟ, ಮಿನಾರುಗಳೊಂದಿಗೆ ನಿಂತಿವೆ. ಅವು ಹಾಲೇರಿ ಅರಸರವು. ಆ ಕಾಲದ ಕಟ್ಟಡಗಾರರ ರೂಢಿ ಅದು. ಗದ್ದಿಗೆಯ ಹಳೆಯ ಫೋಟೊವನ್ನು "ಟಿಪ್ಪು ಕಾಲದ ಕೋಟೆ" ಎಂದು ಹಂಚುವುದು ಈ ತಪ್ಪಿನ ಫಲ.

ಬಾಗಿಲಿನ ದಾರಿಯನ್ನೂ ನೋಡಿ. ಒಳಹೊಕ್ಕವರು ನೇರ ಹೋಗಲಾಗದೆ ಬಲಕ್ಕೋ ಎಡಕ್ಕೋ ತಿರುಗಬೇಕಾದ ದಾರಿ ವಿಜಯನಗರದಲ್ಲೂ ಇದೆ, ಮಡಿಕೇರಿಯಲ್ಲೂ ಇದೆ. ಯುದ್ಧದ ಅಗತ್ಯ ಎಲ್ಲ ಕಾಲದಲ್ಲೂ ಒಂದೇ ಆಗಿದ್ದರಿಂದ ಇದರಿಂದ ಕಾಲ ತಿಳಿಯದು.

6. ಕೂಡಿಸಿ ನೋಡುವುದು: ಒಂದು ಚಿತ್ರ

"ಮಡಿಕೇರಿ ಕೋಟೆ, ಹಳೆಯ ಬಾಗಿಲು" ಎಂಬ ಅಡಿಬರಹದೊಂದಿಗೆ ತಿರುಗಾಡುವ ಬಗೆಯ ಒಂದು ಚಿತ್ರ ತೆಗೆದುಕೊಳ್ಳೋಣ. ನೆಲಮಟ್ಟದಿಂದ ತೆಗೆದದ್ದು. ಗಾರೆ ಮೆತ್ತಿದ ಕಮಾನಿನ ಬಾಗಿಲು, ಎಡಕ್ಕೆ ಪಾಚಿ ಹಿಡಿದ ಗೋಡೆ, ಗೋಡೆ ಒಂದು ಮೊನೆಯಲ್ಲಿ ತಿರುಗಿ ಹಿಂದಕ್ಕೆ ಹೋಗಿದೆ. ಮೇಲೆ ಸಾಲು ಕಿಂಡಿಗಳು. ಹಿಂದೆ ಗುಡ್ಡ, ಮಂಜು.

ಕಲ್ಲು: ಬಿದ್ದ ಕಲ್ಲಿನ ಅಂಚು ಚೂಪು, ಒಳಗೆ ಬೂದು. ಗ್ರಾನೈಟ್ ಜಾತಿ. ಬೇಕಲ, ಕಣ್ಣೂರು ಎರಡೂ ಇಲ್ಲಿಗೇ ಬಿದ್ದುಹೋದವು.

ಗೋಡೆ: ಸಂದಿನಲ್ಲಿ ಸುಣ್ಣದ ಗಾರೆ. ಇಳಿಜಾರು ಇದೆ, ಪಕ್ಕದ ಮರ ನೆಟ್ಟಗಿದೆ, ಆದ್ದರಿಂದ ಇಳಿಜಾರು ನಿಜ. ನೆತ್ತಿಯಲ್ಲಿ ಬಂದೂಕಿನ ಸೀಳುಗಳು.

ಕೊತ್ತಲ: ನೆರಳು ಒಂದೇ ಗೆರೆಯಲ್ಲಿ ಮುರಿದಿದೆ, ಎರಡೂ ಮುಖ ಚಪ್ಪಟೆ, ಎದುರು ಮುಖ ಇಲ್ಲ. ಮೊನೆ ಕೊತ್ತಲ. ಘಟ್ಟದ ಮೇಲೆ ಇದು 18ನೇ ಶತಮಾನದತ್ತ ಬೆರಳು ತೋರುತ್ತದೆ. ದುಂಡು ಕೊತ್ತಲದ ಮಡಿಕೇರಿ ಇಲ್ಲಿ ಬಿಟ್ಟುಹೋಗುತ್ತದೆ.

ಕಮಾನು: ಸುಳಿವು ಇದಕ್ಕೆ ವಿರುದ್ಧವಾಗಿಲ್ಲ, ಆದರೆ ಹೊಸದಾಗಿ ಏನನ್ನೂ ಸೇರಿಸುವುದಿಲ್ಲ.

ಉಳಿದದ್ದು ಸಕಲೇಶಪುರದ ಹತ್ತಿರದ ಮಂಜರಾಬಾದ್. ಟಿಪ್ಪು ಸುಲ್ತಾನ 1792ರಲ್ಲಿ ಮುಗಿಸಿದ, ಎಂಟು ಮೊನೆಯ ನಕ್ಷತ್ರಾಕಾರದ ಕೋಟೆ, ಹೊರಗೋಡೆ ಗ್ರಾನೈಟ್ ಮತ್ತು ಸುಣ್ಣದ ಗಾರೆ, ಒಳಗಿನ ಕಟ್ಟಡಗಳು ಸುಟ್ಟ ಇಟ್ಟಿಗೆಯವು.

ಗಮನಿಸಿ, ಮಡಿಕೇರಿಯ ಕಲ್ಲಿನ ಕೋಟೆಗೂ ಟಿಪ್ಪುವಿನ ಹೆಸರೇ ಇದೆ. 17ನೇ ಶತಮಾನದ ಕೊನೆಯಲ್ಲಿ ಮುದ್ದುರಾಜ ಕಟ್ಟಿಸಿದ್ದು ಮಣ್ಣಿನ ಕೋಟೆ. ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದ. 1790ರಲ್ಲಿ ಅದು ದೊಡ್ಡ ವೀರರಾಜೇಂದ್ರನ ಕೈಗೆ ಬಂತು. ಅಂದರೆ ಒಬ್ಬನೇ ದೊರೆ, ಹೆಚ್ಚುಕಡಿಮೆ ಒಂದೇ ಕಾಲ, ಅದೇ ಬಗೆಯ ಕಲ್ಲು, ಆದರೂ ಕೊತ್ತಲ ಬೇರೆ. ಒಂದು ಹಳೆಯ ಕೋಟೆಯ ಜಾಗ, ಗುಡ್ಡದ ಆಕಾರ ಹಿಡಿದು ಎದ್ದದ್ದು, ಇನ್ನೊಂದು ಹೊಸದಾಗಿ ನಕ್ಷೆ ಎಳೆದು ಕಟ್ಟಿದ್ದು. ದುಂಡು ಕೊತ್ತಲ ಕಂಡು "ಇದು ಟಿಪ್ಪುವಿಗಿಂತ ಹಳೆಯದು" ಎಂದಿದ್ದರೆ ಮಡಿಕೇರಿಯ ವಿಷಯದಲ್ಲಿ ನೂರು ವರ್ಷ ತಪ್ಪುತ್ತಿತ್ತು.

7. ಖಚಿತಪಡಿಸಿ, ಅಡಿಬರಹ ಬರೆಯಿರಿ

ಊಹೆಯ ಕೋಟೆಯನ್ನು ಉಪಗ್ರಹ ನಕ್ಷೆಯಲ್ಲಿ ತೆರೆಯಿರಿ. ಮಂಜರಾಬಾದಿನ ನಕ್ಷತ್ರ ಮೇಲಿನಿಂದ ಸ್ಪಷ್ಟವಾಗಿ ಕಾಣುತ್ತದೆ. ಅದೇ ಬಾಗಿಲಿನ ಬೇರೆ ಚಿತ್ರಗಳೊಂದಿಗೆ ಹೋಲಿಸುವಾಗ ಒಟ್ಟು ನೋಟವನ್ನು ನಂಬಬೇಡಿ. ಬಾಗಿಲ ಪಕ್ಕದ ಮೂರು ಕಲ್ಲುಗಳನ್ನು ಆರಿಸಿ, ಅವುಗಳ ಆಕಾರ ಮತ್ತು ಜೋಡಣೆ ಎರಡೂ ಚಿತ್ರಗಳಲ್ಲಿ ಒಂದೇ ಇವೆಯೇ ನೋಡಿ. ಪಾಚಿ, ಗಿಡ, ಸುಣ್ಣದ ಬಣ್ಣ ವರ್ಷ ವರ್ಷಕ್ಕೂ ಬದಲಾಗುತ್ತವೆ. ಕಲ್ಲಿನ ಜೋಡಣೆ ದುರಸ್ತಿ ಆಗದ ಹೊರತು ಬದಲಾಗುವುದಿಲ್ಲ.

ಚಿತ್ರದಲ್ಲಿ ಕಲ್ಲೇ ಇಲ್ಲದೆ, ಕಾಡಿನ ನಡುವೆ ಉದ್ದಕ್ಕೆ ಹೋಗುವ ಆಳದ ಕಂದರ ಮತ್ತು ಅದರ ಪಕ್ಕದಲ್ಲಿ ಮಣ್ಣಿನ ದಿಬ್ಬ ಮಾತ್ರ ಕಂಡರೆ ಅದನ್ನು ಕೋಟೆಯ ಕಂದಕ ಎಂದು ಬರೆಯುವ ಮೊದಲು ಊರಿನ ಹಿರಿಯರನ್ನು ಕೇಳಿ. ಕೊಡಗಿನಲ್ಲಿ ಅದು ಹೆಚ್ಚಾಗಿ ಕಡಂಗ, ನಾಡಿನ ಗಡಿಗೂ ಕಾದಾಟಕ್ಕೂ ತೋಡಿದ್ದು. ಈ ಲೇಖನದ ಯಾವ ಪರೀಕ್ಷೆಯೂ ಅದಕ್ಕೆ ಅನ್ವಯಿಸದು.

ಅಡಿಬರಹದಲ್ಲಿ ಕಂಡದ್ದು ಮೊದಲು, ತೀರ್ಮಾನ ಆಮೇಲೆ ಬರಲಿ. ಮೇಲಿನ ಚಿತ್ರಕ್ಕೆ ಹೀಗೆ ಬರೆಯಬಹುದು: "ಗ್ರಾನೈಟ್ ಗೋಡೆ, ಸುಣ್ಣದ ಗಾರೆ, ಮೊನೆ ಕೊತ್ತಲ, ಬಂದೂಕಿನ ಕಿಂಡಿ. 18ನೇ ಶತಮಾನದ ಕೊನೆ. ಮಂಜರಾಬಾದ್, ಬಾಗಿಲ ಕಲ್ಲುಗಳನ್ನು ಹೋಲಿಸಿ ಖಚಿತಪಡಿಸಿದ್ದು." ಹೋಲಿಸಲು ಇನ್ನೊಂದು ಚಿತ್ರ ಸಿಗದಿದ್ದರೆ ಕೋಟೆಯ ಹೆಸರು ಬಿಟ್ಟು ಉಳಿದದ್ದನ್ನಷ್ಟೇ ಬರೆಯಿರಿ, ಫೈಲಿನ ಹೆಸರಿನಲ್ಲೂ ಹಳೆಯ ತಪ್ಪು ಹೆಸರು ಉಳಿಯದಂತೆ ಬದಲಿಸಿ. ಮುಂದೆ ಹಂಚುವವರು ಓದುವುದು ಹೆಚ್ಚಾಗಿ ಅದನ್ನೇ.